ಬ್ರೇಕ್ ಬಿಡಬೇಡ, ಸಿಗರೇಟು ಬಿಡು

ಚಿರಂಜೀವಿ ಮಗುವಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಾನು ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳದೆ ನಿನ್ನ ಕಾಲ್ ಸೆಂಟರಿನ ರಾತ್ರಿ ಪಾಳಿಯ 3 ರಾತ್ರಿಯ ಸಿಗರೇಟಿನ ಲೆಕ್ಕ ಬರೆದು ಕಳಿಸಿದೆಯಲ್ಲ, ಸಂತೋಷವಾಯಿತು. ಟೆಲಿಫೋನ್ ಎಕ್ಸ್‌ಚೇಂಜಿನ ರಾತ್ರಿ ಪಾಳಿಯಲ್ಲಿ 12 ವರ್ಷ ಸೇದಿದವನು ನಾನು. ಹಾಗಾಗಿ ನಿನ್ನನ್ನು ಬೈಯಲು ಬಾಯಿ ಬರುವುದಿಲ್ಲ. ಆದರೆ ಆ ಲೆಕ್ಕದಲ್ಲಿ ನನಗೆ ಕಂಡದ್ದನ್ನು ಹೇಳದೆ ಇರಲಾರೆ.

ಟೆನ್ಷನ್ ಆದಾಗ ಸೇದುತ್ತೇನೆ ಎಂದಿದ್ದೆ. ಮೊದಲನೇ ರಾತ್ರಿ ನೋಡು. ಗ್ರಾಹಕ ಕೂಗಾಡಿದ ಕರೆ ಬಂದದ್ದು 12.40ಕ್ಕೆ, ನೀನು ಎದ್ದು ಹೊರಗೆ ಹೋದದ್ದು 2ಕ್ಕೆ. ಕರೆಗಳೇ ಇಲ್ಲದ ಎರಡನೇ ರಾತ್ರಿಯೂ 12, 2, 4 ಗಂಟೆಗೇ ಸೇದಿದ್ದೀಯ. ಟೆನ್ಷನ್ ಹೀಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲ, ನಿಕೋಟಿನ್ನಿನ ಹಸಿವು ಬರುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ಆಗ ಮೈ ಚಡಪಡಿಸುತ್ತದೆ, ಸಿಡುಕು ಬರುತ್ತದೆ, ಗಮನ ನಿಲ್ಲುವುದಿಲ್ಲ. ಒಂದು ಎಳೆದ ಕೂಡಲೇ ಹಾಯೆನಿಸುತ್ತದೆ. ಹಿಂದಿನ ಸಿಗರೇಟು ಹಚ್ಚಿದ ಉರಿಯನ್ನೇ ಮುಂದಿನದು ಆರಿಸುತ್ತಿದೆ, ಅಷ್ಟೆ. ಗ್ರಾಹಕನ ಮಾತಿನ ಗಾಯ ಇದ್ದಲ್ಲೇ ಇರುತ್ತದೆ.

ಹಾಗಂತ ಆ ಬ್ರೇಕಿನಲ್ಲಿ ಸಿಗುವ ಸಮಾಧಾನವೆಲ್ಲ ಸುಳ್ಳೂ ಅಲ್ಲ. ಕುರ್ಚಿ ಬಿಟ್ಟು ಏಳುತ್ತೀಯ, ಗಾಳಿಗೆ ಬರುತ್ತೀಯ, ಸ್ನೇಹಿತರ ಜೊತೆ ನಾಲ್ಕು ಮಾತಾಡುತ್ತೀಯ, ಉದ್ದಕ್ಕೆ ಉಸಿರೆಳೆದು ಬಿಡುತ್ತೀಯ. ಇವು ನಿಜವಾಗಿಯೂ ಮನಸ್ಸಿನ ಭಾರ ಇಳಿಸುತ್ತವೆ. ಸೇದುವುದನ್ನು ಬಿಟ್ಟ ಎಷ್ಟೋ ಜನ ಬ್ರೇಕನ್ನೂ ಬಿಟ್ಟು ಸ್ಕ್ರೀನಿನ ಮುಂದೆಯೇ ಹಲ್ಲು ಕಚ್ಚಿ ಕೂರುತ್ತಾರೆ, ವಾರದೊಳಗೆ ಮತ್ತೆ ಹಚ್ಚುತ್ತಾರೆ. ನೀನು ಅದೇ ಹೊತ್ತಿಗೆ ಏಳು, ಹೊರಗೇ ಹೋಗು, ಆದರೆ ನಿಲ್ಲಬೇಡ, ನಡೆ. ಸೇದಬೇಕೆಂಬ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷ ಏರಿ ತಾನಾಗಿ ಇಳಿಯುತ್ತದೆ, 10 ನಿಮಿಷ ನಡೆಯುವಷ್ಟರಲ್ಲಿ ಅದು ದಾಟಿರುತ್ತದೆ. ನಡೆಯುತ್ತಾ 4 ಎಣಿಸುವಷ್ಟು ಉಸಿರು ತಗೋ, 6 ಎಣಿಸುವಷ್ಟು ಬಿಡು. ಸ್ನೇಹಿತರು ಸೇದುವ ಜಾಗಕ್ಕೆ ಮಾತ್ರ ಮೊದಲ ಕೆಲವು ವಾರ ಹೋಗಬೇಡ. ಅವರಲ್ಲೊಬ್ಬರನ್ನು ನಿನ್ನ ಜೊತೆ ನಡೆಯಲು ಕರೆ.

4 ಗಂಟೆಯದು ಬೇರೆ ಕಥೆ. ಆ ಹೊತ್ತಿಗೆ ಮೈಯ ಬಿಸಿ ತೀರ ಇಳಿದಿರುತ್ತದೆ, ನಿದ್ದೆ ಒತ್ತಿಕೊಂಡು ಬರುತ್ತದೆ. ನಿನಗೆ ಆಗ ಬೇಕಾದದ್ದು ಬೆಳಕು ಚೆನ್ನಾಗಿರುವ ಜಾಗ, ಮುಖಕ್ಕೆ ತಣ್ಣೀರು. ಆಫೀಸಿನಲ್ಲಿ ಒಪ್ಪಿದರೆ 15-20 ನಿಮಿಷದ ಕಿರುನಿದ್ದೆ ಎಲ್ಲಕ್ಕಿಂತ ಒಳ್ಳೆಯದು, ಅದಕ್ಕಿಂತ ಹೆಚ್ಚು ಮಲಗಿದರೆ ಏಳುವಾಗ ಮಂಕು ಕವಿಯುತ್ತದೆ. ಪಾಳಿ ಮುಗಿಸಿ ಸೇದುವ ಕೊನೆಯ ಸಿಗರೇಟು ನಿನ್ನ ಹಗಲಿನ ನಿದ್ದೆಯನ್ನೇ ತಿನ್ನುತ್ತಿದೆ. ನಿಕೋಟಿನ್ ಎಚ್ಚರಿಸುವ ವಸ್ತು, ಮಲಗಿಸುವುದಲ್ಲ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಮೊದಲ ಸಲ ಸೋತೆ. ಹೊಗೆಯಲ್ಲಿರುವ ಕೆಲವು ವಸ್ತುಗಳಿಂದ ಸೇದುವವರ ಲಿವರ್ ಕಾಫಿಯ ಕೆಫೀನನ್ನು ಬೇಗ ಕರಗಿಸುತ್ತದೆ. ಸಿಗರೇಟು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಆ ವೇಗ ಇಳಿದು, ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ. ಕೈ ನಡುಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ. ನಾನು ಇದು ಸಿಗರೇಟು ಬಿಟ್ಟದ್ದರ ಫಲ ಅಂದುಕೊಂಡು 6ನೇ ದಿನ ಮತ್ತೆ ಹಚ್ಚಿದೆ. ನೀನು ರಾತ್ರಿಗೆ 4 ಕಪ್ ಕುಡಿಯುತ್ತೀಯ. ಬಿಟ್ಟ ದಿನದಿಂದ 2ಕ್ಕೆ ಇಳಿಸು, ಎರಡೂ ಪಾಳಿಯ ಮೊದಲ ಅರ್ಧದಲ್ಲೇ ಮುಗಿಯಲಿ.

ಎದ್ದ ಅರ್ಧ ಗಂಟೆಯೊಳಗೇ ಮೊದಲ ಸಿಗರೇಟು ಬೇಕೆನಿಸುವುದು ಚಟ ಗಟ್ಟಿಯಾಗಿದೆ ಎಂಬುದರ ಗುರುತು. ಹಾಗಿದ್ದರೆ ಡಾಕ್ಟರನ್ನು ಕಂಡು ನಿಕೋಟಿನ್ ಗಮ್ ಬಗ್ಗೆ ಕೇಳು. ಅದನ್ನು ಚೂಯಿಂಗ್ ಗಮ್ ಹಾಗೆ ಜಗಿಯುತ್ತಲೇ ಇರಬಾರದು. ಖಾರ ಖಾರ ಅನ್ನಿಸುವವರೆಗೆ ಜಗಿದು ಕೆನ್ನೆಯ ಒಳಗೆ ಒತ್ತಿಡಬೇಕು, ಖಾರ ಹೋದಮೇಲೆ ಮತ್ತೆ ಜಗಿಯಬೇಕು. ಅದಕ್ಕೆ ಮುಂಚಿನ 15 ನಿಮಿಷ ಕಾಫಿ ಬೇಡ, ಗಮ್ ಬಾಯಲ್ಲಿರುವಾಗಲೂ ಬೇಡ. ಕುಡಿದರೆ ಬಾಯಿ ಮದ್ದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಬಿಡುವ ದಿನ ಯಾವುದೆಂದು ಪಾಳಿಪಟ್ಟಿ ನೋಡಿಯೇ ಗೊತ್ತುಮಾಡು. ಸಂಕಟ ಜೋರಾಗಿರುವುದು 2ನೇ, 3ನೇ ದಿನ. ಎರಡು ದಿನ ರಜೆ ಇರುವ ವಾರದ ಕೊನೆಯ ಪಾಳಿ ಮುಗಿಸಿ ನಿಲ್ಲಿಸಿದರೆ ಆ ದಿನಗಳು ಹೆಚ್ಚಿನಂಶ ಮನೆಯಲ್ಲೇ ಕಳೆಯುತ್ತವೆ. ಆಮೇಲಿನ 3-4 ವಾರ ಆಗಾಗ ಸಿಡುಕು, ಹಸಿವು ಇದ್ದೇ ಇರುತ್ತದೆ. ಮನೆಯವರಿಗೆ ಮೊದಲೇ ಹೇಳಿಡು.

ದಿನ ಗೊತ್ತಾದ ಕೂಡಲೇ ತಿಳಿಸು. ರಜೆ ಮುಗಿಸಿ ನೀನು ಮರಳುವ ಮೊದಲ ರಾತ್ರಿ 4 ಗಂಟೆಗೆ ನಾನು ಎದ್ದಿರುತ್ತೇನೆ. ಹೊರಗೆ ಬಂದು ನಡೆಯತೊಡಗಿದಾಗ ಫೋನ್ ಮಾಡು, ಹತ್ತು ನಿಮಿಷ ಮಾತಾಡೋಣ.

ನಿನ್ನ
ಸೋದರಮಾವ