ಮಗಳಿಗೊಂದು ಪತ್ರ: ಮೇಡಂಗೆ ಥ್ಯಾಂಕ್ಸ್ ಹೇಳುವ ಮೊದಲು

ಪ್ರೀತಿಯ ಪುಟ್ಟಿ,

ಪ್ರಮೋಷನ್ ಸುದ್ದಿ ಕೇಳಿ ಆದ ಖುಷಿಯನ್ನು ಫೋನಿನಲ್ಲೇ ಹೇಳಿದ್ದೇನೆ. ಈ ಪತ್ರ ಬೇರೆ ವಿಷಯಕ್ಕೆ. ಆಫೀಸಿನಲ್ಲಿ ನಿನಗೆ ಕೆಲಸ ಕಲಿಸಿದ ಮೇಡಂಗೆ ಕಳಿಸಬೇಕೆಂದು ಥ್ಯಾಂಕ್ಸ್ ಪತ್ರ ಬರೆದು, ಮೊದಲು ಒಮ್ಮೆ ನೋಡಮ್ಮಾ ಅಂತ ನನಗೆ ಕಳಿಸಿದ್ದೆಯಲ್ಲ, ಅದನ್ನು ಓದಿದೆ.

ಭಾಷೆ ಚೆನ್ನಾಗಿದೆ, ಮರ್ಯಾದೆಯೂ ಇದೆ. ಆದರೆ "ನಿಮ್ಮ ಮಾರ್ಗದರ್ಶನ ಮತ್ತು ಪ್ರೋತ್ಸಾಹ ಇಲ್ಲದಿದ್ದರೆ ನಾನು ಈ ಹಂತಕ್ಕೆ ಬರುತ್ತಿರಲಿಲ್ಲ, ನಿಮಗೆ ಸದಾ ಚಿರಋಣಿ" ಎಂಬ ಸಾಲನ್ನು ಮೇಡಂ ಹೆಸರು ತೆಗೆದು ಬೇರೆ ಯಾರಿಗಾದರೂ ಕಳಿಸಬಹುದು, ಅಲ್ವಾ? ಇಷ್ಟು ವರ್ಷ ನಿನ್ನ ಜೊತೆ ನಿಂತವರಿಗೆ ಅದು ಸಾಲದು. ನಾನೂ ಆಫೀಸಿನಲ್ಲಿ ಅನೇಕ ಕಿರಿಯರಿಗೆ ಕೆಲಸ ಕಲಿಸಿದವಳು. ಇಂಥ ಪತ್ರಗಳು ನನಗೂ ಬಂದಿವೆ. ಕಲಿಸಿದವರಿಗೆ ನಿಜವಾಗಿ ತಿಳಿಯಬೇಕಾಗಿರುವುದು ಒಂದೇ. ನಾವು ಹೇಳಿದ್ದರಲ್ಲಿ ಯಾವುದು ಉಳಿಯಿತು, ಯಾವುದು ಕೆಲಸಕ್ಕೆ ಬಂತು? ಅದನ್ನು ಹೇಳಲು ನಿನ್ನಿಂದ ಮಾತ್ರ ಸಾಧ್ಯ, ಮೇಡಂಗೆ ತಾನಾಗಿ ಗೊತ್ತಾಗುವ ದಾರಿಯೇ ಇಲ್ಲ.

ಆ ಡೆಲಿವರಿ ತಡವಾದ ಕಥೆ ನನಗೆ ಹೇಳಿದ್ದೆ, ನೆನಪಿದೆಯಾ? ಕೆಲಸ ಎರಡು ವಾರ ಹಿಂದೆ ಬಿದ್ದಿತ್ತು. ನಿಮ್ಮ ಟೀಮಿನವರು ವಾರದ ರಿಪೋರ್ಟಿನಲ್ಲಿ "ಬಹುತೇಕ ಮುಗಿದಿದೆ" ಅಂತಲೇ ಬರೆಯುತ್ತಿದ್ದರು. ಆಗ ಮೇಡಂ ನಿನ್ನನ್ನು ಬೈಯಲಿಲ್ಲ, ಪ್ಲಾನ್ ತಿದ್ದಿಕೊಡಲೂ ಇಲ್ಲ. "ಇದು ಗ್ರಾಹಕರಿಗೆ ಯಾವತ್ತು ಗೊತ್ತಾಗುತ್ತದೆ? ನೀನು ಹೇಳಿದ ದಿನವೋ, ಅವರೇ ಕಂಡುಹಿಡಿದ ದಿನವೋ?" ಅಂತ ಕೇಳಿ ಸುಮ್ಮನಾದರು. ಅವತ್ತು ಸಂಜೆಯೇ ನೀನು ಗ್ರಾಹಕರಿಗೆ ಹೊಸ ತಾರೀಕು ತಿಳಿಸಿ, ಮುಗಿದಿರುವ ಭಾಗವನ್ನು ಮೊದಲು ಕೊಡುತ್ತೇವೆ ಎಂದು ಬರೆದೆ. ಅವರು ಒಪ್ಪಿದರು. ನಿನ್ನ ಪತ್ರದ ನಡುಭಾಗ ಇದೇ ಆಗಬೇಕು ಪುಟ್ಟಿ. ಮೇಡಂ ಮಾಡಿದ್ದೇನು, ಅದರಿಂದ ನೀನು ಮಾಡಿದ್ದೇನು, ಆಮೇಲೆ ಆಗಿದ್ದೇನು. ಈ ಮೂರು ಇದ್ದರೆ "ಮಾರ್ಗದರ್ಶನ" ಎಂಬ ಪದವೇ ಬೇಕಾಗುವುದಿಲ್ಲ. ಇನ್ನೂ ಹತ್ತು ಘಟನೆ ನೆನಪಾಗುತ್ತವೆ, ನನಗೆ ಗೊತ್ತು, ಆದರೆ ಎಲ್ಲವನ್ನೂ ತುಂಬಬೇಡ, ಒಂದನ್ನು ಪೂರ್ತಿಯಾಗಿ ಹೇಳು.

ಇನ್ನೊಂದು ವಿಷಯ. ನಿನ್ನ ಕರಡಿನಲ್ಲಿ ಹೆಚ್ಚಿನ ಸಾಲುಗಳು "ನಾನು", "ನನಗೆ" ಅಂತಲೇ ಶುರುವಾಗುತ್ತವೆ. ನನಗೆ ಈ ಹುದ್ದೆ ಸಿಕ್ಕಿತು, ನನಗೆ ಧೈರ್ಯ ಬಂತು, ನನಗೆ ತುಂಬಾ ಸಹಾಯವಾಯಿತು. ಸಾರಾ ಆಲ್ಗೋ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಯವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೋಡಿಗಳು ಒಬ್ಬರಿಗೊಬ್ಬರು ಕೃತಜ್ಞತೆ ಹೇಳುವ ರೀತಿಯನ್ನು ಗಮನಿಸಿದ್ದರು. "ಇದರಿಂದ ನನಗೆ ಇಷ್ಟು ಲಾಭವಾಯಿತು" ಎನ್ನುವ ಮಾತಿಗಿಂತ ಎದುರಿನವರು ಮಾಡಿದ್ದನ್ನು ಮೆಚ್ಚುವ ಮಾತೇ ಕೇಳಿದವರ ಮನಸ್ಸಿಗೆ ಹೆಚ್ಚು ತಾಗಿತ್ತು. ಅದು ಜೋಡಿಗಳ ಮೇಲೆ ಮಾಡಿದ ಅಧ್ಯಯನ ನಿಜ, ಆದರೂ ನನ್ನ ಅನುಭವಕ್ಕೆ ಇದು ಸರಿಯಾಗಿ ಹೊಂದುತ್ತದೆ. "ನನಗೆ ಧೈರ್ಯ ಬಂತು" ಎನ್ನುವ ಬದಲು "ಉತ್ತರವನ್ನು ನೀವೇ ಹೇಳಿಬಿಡದೆ, ನಾನು ಯೋಚಿಸುವವರೆಗೆ ಕಾದಿರಿ" ಎಂದು ಬರೆದು ನೋಡು. ಅದರಲ್ಲಿ ಮೇಡಂ ಕಾಣಿಸುತ್ತಾರೆ.

"ಇದೆಲ್ಲಾ ನಿಮ್ಮಿಂದಲೇ" ಎಂಬ ಮಾತೂ ಬೇಡ. ಕೆಲಸ ಮಾಡಿದ್ದು ನೀನು, ಅದು ಮೇಡಂಗೆ ಚೆನ್ನಾಗಿ ಗೊತ್ತು. ಪೂರ್ತಿ ಕೀರ್ತಿಯನ್ನು ತಲೆ ಮೇಲೆ ಇಟ್ಟರೆ ಪ್ರಾಮಾಣಿಕ ಮನುಷ್ಯರಿಗೆ ಅದನ್ನು ತೆಗೆದುಕೊಳ್ಳುವುದೇ ಕಷ್ಟ. ಟೀಮ್ ಬದಲಿಸಬೇಡ ಅಂತ ಅವರು ಹೇಳಿದ್ದರು, ನೀನು ಬದಲಿಸಿದೆ, ಅದೂ ಒಳ್ಳೆಯದೇ ಆಯಿತು. ಅದನ್ನು ಈ ಪತ್ರದಲ್ಲಿ ಎತ್ತಬೇಡ. ಎತ್ತಿದರೆ ಎಷ್ಟು ಮೆತ್ತಗೆ ಬರೆದರೂ ಲೆಕ್ಕ ಚುಕ್ತಾ ಮಾಡಿದ ಹಾಗೆ ಕೇಳಿಸುತ್ತದೆ.

ಕೊನೆಯ ಸಾಲನ್ನಂತೂ ತೆಗೆದೇಬಿಡು, "ಹೊಸ ಜವಾಬ್ದಾರಿಯ ಬಗ್ಗೆ ಮಾತಾಡಲು ಮುಂದಿನ ವಾರ ಸ್ವಲ್ಪ ಸಮಯ ಸಿಗಬಹುದೇ" ಅಂತ ಇದೆಯಲ್ಲ, ಅದನ್ನು. ನಿನ್ನ ಮನಸ್ಸಿನಲ್ಲಿ ಬೇರೇನೂ ಇಲ್ಲ, ನನಗೆ ಗೊತ್ತು, ಆದರೆ ಓದುವವರಿಗೆ ಮೇಲಿನ ಥ್ಯಾಂಕ್ಸ್ ಎಲ್ಲಾ ಈ ಕೇಳಿಕೆಗೆ ಪೀಠಿಕೆ ಅನಿಸಬಹುದು. ಸಲಹೆ ಬೇಕಿದ್ದರೆ ಕೆಲವು ವಾರ ಬಿಟ್ಟು ಬೇರೆ ಮೇಲ್ ಬರೆ.

ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ. ಇದನ್ನೇ ನಕಲು ಮಾಡಬೇಡ, ನಿನ್ನ ಮಾತಿಗೆ ತಿರುಗಿಸಿಕೋ.

"ಮೇಡಂ, ನಮಸ್ಕಾರ. ನನಗೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಪ್ರಮೋಷನ್ ಆಗಿದೆ. ಎಲ್ಲರಿಗೂ ಹೇಳುವ ಮೊದಲು ನಿಮಗೆ ಹೇಳಬೇಕು ಅನಿಸಿತು. ಆ ಡೆಲಿವರಿ ತಡವಾದಾಗ, ಗ್ರಾಹಕರಿಗೆ ಯಾವತ್ತು ಗೊತ್ತಾಗುತ್ತದೆ ಎಂದು ಕೇಳಿದ್ದಿರಿ. ಉತ್ತರ ನಿಮಗೆ ಗೊತ್ತಿದ್ದರೂ ಹೇಳಲಿಲ್ಲ, ನಾನೇ ಕಂಡುಕೊಳ್ಳಲಿ ಎಂದು ಕಾದಿರಿ. ಅವತ್ತೇ ಅವರಿಗೆ ಬರೆದೆ, ಕೆಲಸ ಉಳಿಯಿತು. ಆಮೇಲೆ ಪ್ರತಿ ರಿಪೋರ್ಟ್ ಕಳಿಸುವ ಮೊದಲು ಅದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈಗ ನನ್ನ ಟೀಮಿಗೆ ಹೊಸದಾಗಿ ಬಂದ ಹುಡುಗನಿಗೂ ಅದನ್ನೇ ಕೇಳುತ್ತೇನೆ, ಕೇಳಿ ನಿಮ್ಮ ಹಾಗೆ ಸುಮ್ಮನಿರುವುದನ್ನು ಇನ್ನೂ ಕಲಿಯುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಮೇಡಂ. ಇದಕ್ಕೆ ಉತ್ತರ ಬರೆಯಲೇಬೇಕು ಅಂತೇನಿಲ್ಲ."

ಆ ಹೊಸ ಹುಡುಗನ ಸಾಲನ್ನು ಮಾತ್ರ ಬಿಡಬೇಡ. ತಾನು ಕೇಳಿದ ಪ್ರಶ್ನೆ ಮೂರನೆಯವರಿಗೂ ತಲುಪಿದೆ ಎಂಬುದು ಕಲಿಸಿದವರಿಗೆ ಪ್ರಮೋಷನ್ ಸುದ್ದಿಗಿಂತ ದೊಡ್ಡದು.

ಪ್ರಮೋಷನ್ ಲೆಟರ್ ಕೈಗೆ ಬಂದ ಮೇಲೇ ಕಳಿಸು, ಬಾಯಿಮಾತಿನ ಮೇಲೆ ಬೇಡ. ಲೆಟರ್ ಬಂದ ಮೇಲೆ ತಡ ಮಾಡಬೇಡ, ಯಾಕೆಂದರೆ ನೀನು ಹೇಳುವ ಮೊದಲೇ ಲಿಂಕ್ಡ್‌ಇನ್‌ನಲ್ಲಿ ಓದಿ ತಿಳಿದರೆ ಮೇಡಂಗೆ ಖಂಡಿತ ಪಿಚ್ಚೆನಿಸುತ್ತದೆ. ಅವರು ಈಗ ಬೇರೆ ಕಂಪನಿಯಲ್ಲಿರುವುದರಿಂದ ಗ್ರಾಹಕರ ಹೆಸರು, ಸಂಬಳ, ಇಂಟರ್‌ವ್ಯೂನಲ್ಲಿ ಯಾರು ಏನಂದರು ಎಂಬುದು ಯಾವುದೂ ಬೇಡ. ಅವರ ಆಫೀಸ್ ಮೇಲ್‌ಗೆ ಹಾಕದೆ ಸ್ವಂತ ಮೇಲ್‌ಗೆ ಹಾಕು. ಬೇರೆ ಯಾರನ್ನೂ ಸಿಸಿಯಲ್ಲಿ ಇಡಬೇಡ, ನಾಲ್ಕು ಜನ ಓದುವ ಪತ್ರದಲ್ಲಿ ಇಷ್ಟು ಮನಬಿಚ್ಚಿ ಬರೆಯಲು ಆಗುವುದಿಲ್ಲ.

ಇಷ್ಟೆಲ್ಲಾ ಬರೆದರೆ ಅವರಿಗೆ ಮುಜುಗರ ಆಗುವುದಿಲ್ಲವಾ ಅಂತ ಕೇಳಿದ್ದೆಯಲ್ಲ. 2018ರಲ್ಲಿ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ಬರೆದಿದ್ದಾರೆ. ಕೃತಜ್ಞತೆಯ ಪತ್ರ ಬರೆದವರನ್ನೂ ಓದಿದವರನ್ನೂ ಕೇಳಿದಾಗ, ಓದುವವರಿಗೆ ಆಗುವ ಮುಜುಗರವನ್ನು ಬರೆದವರು ಜಾಸ್ತಿ ಅಂದಾಜು ಮಾಡಿದ್ದರು, ಆಗುವ ಆಶ್ಚರ್ಯ ಮತ್ತು ಸಂತೋಷವನ್ನು ಕಡಿಮೆ ಅಂದಾಜು ಮಾಡಿದ್ದರು. ಬರೆದವರಿಗೆ ಪದ ಸರಿಯಾಗಿದೆಯಾ ಎಂಬ ಚಿಂತೆ, ಓದಿದವರ ಗಮನವೆಲ್ಲಾ ಅದರಲ್ಲಿದ್ದ ಆತ್ಮೀಯತೆಯ ಮೇಲೆ. ಹಾಗಾಗಿ ಪದ ತಿದ್ದುತ್ತಾ ಕೂರಬೇಡ.

ತಿದ್ದಿದ ಮೇಲೆ ನನಗೆ ಮತ್ತೆ ತೋರಿಸುವುದು ಬೇಡ ಪುಟ್ಟಿ, ಅದು ನಿಮ್ಮಿಬ್ಬರ ನಡುವಿನದು. ನೇರವಾಗಿ ಕಳಿಸು.

ನಿನ್ನ ಅಮ್ಮ