ಕೆಂಪು ಕವರಿಗೆ 101 ಹಾಕಬೇಡ ಮಾರಾಯ್ತಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು, "ಚಿಕ್ಕಮ್ಮಾ, ಇಲ್ಲಿ ಹಾಂಗ್‌ಕಾಂಗಿನಲ್ಲಿ ಚೀನೀ ಹೊಸ ವರ್ಷದ ಹಬ್ಬಕ್ಕೆ ಅಂಗಡಿ ತುಂಬ ದುಡ್ಡು ಹಾಕಿ ಕೊಡುವ ಕೆಂಪು ಕವರು, ನಾನೂ ಎರಡು ಪ್ಯಾಕೆಟ್ ತಂದಿದ್ದೇನೆ, ಒಂದೊಂದಕ್ಕೂ 101 ಹಾಕಿ ಕೊಡ್ತೀನಿ" ಅಂದೆ. ಆಗ ಮನೆ ತುಂಬ ನೆಂಟರು, ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ. ಮೊದಲ ಮಾತು: 101 ಬೇಡ. ಬೇರೆ ಎಲ್ಲ ಮರೆತರೂ ಇದೊಂದನ್ನು ಮರೀಬೇಡ.

ನಾವು ಮುಯ್ಯಿ ಕೊಡುವಾಗ ನೂರರ ಮೇಲೆ ಒಂದು ರೂಪಾಯಿ ಸೇರಿಸುತ್ತೇವಲ್ಲ, ಹಾಂಗ್‌ಕಾಂಗಿನಲ್ಲಿ ಹಾಗೆ ಬೆಸ ಸಂಖ್ಯೆಯಲ್ಲಿ ಕೊಡುವುದು ಸಾವಿನ ಮನೆಗೆ. ಬಿಳಿ ಕವರಿನಲ್ಲಿ 101, 501 ಹೀಗೆ ಹಾಕಿ ಕೊಡುತ್ತಾರೆ. ಅಲ್ಲಿಂದ ವಾಪಸು ಬರುವವರ ಕೈಗೆ ಒಂದು ಪುಟ್ಟ ಕವರು ಸಿಗುತ್ತದೆ, ಅದರೊಳಗೆ ಒಂದು ಮಿಠಾಯಿ, ಒಂದು ಡಾಲರಿನ ನಾಣ್ಯ. ಅಂದರೆ ಬೆಸ ಸಂಖ್ಯೆ, ಕವರಿನೊಳಗಿನ ನಾಣ್ಯ, ಎರಡೂ ಅವರಿಗೆ ಸ್ಮಶಾನದ ನೆನಪು.

ಇದು ನನಗೆ ಹೇಗೆ ಗೊತ್ತು ಅಂದರೆ, ನಾನೇ ಮಾಡಿದ್ದೆ. ನಾವು ಅಲ್ಲಿನ ಹಂಗ್ ಹೊಮ್ ಬಡಾವಣೆಯಲ್ಲಿದ್ದಾಗ ನಮ್ಮ ಮೊದಲ ಹಬ್ಬ. ಕೆಳಗಿನ ವಾಚ್‌ಮನ್ ತಾತನಿಗೆ ನೂರರ ನೋಟು, ಜೊತೆಗೆ ಒಂದು ಡಾಲರಿನ ನಾಣ್ಯ ಹಾಕಿ ಬಹಳ ಭಕ್ತಿಯಿಂದ ಕೊಟ್ಟೆ. ಅವರು ಎರಡೂ ಕೈಯಲ್ಲಿ ತಗೊಂಡರು. ಬೆರಳಿಗೆ ನಾಣ್ಯ ತಾಗಿತು ನೋಡು, ಮುಖದ ಮೇಲಿದ್ದ ನಗು ಅಲ್ಲೇ ನಿಂತುಹೋಯಿತು. ಏನೂ ಅನ್ನಲಿಲ್ಲ ಪಾಪ. ಸಂಜೆ ಎದುರು ಮನೆ ಆಂಟಿ ಬಂದು ಮೆಲ್ಲಗೆ ವಿಷಯ ಹೇಳಿದರು. ಮಾರನೇ ದಿನ ಹೊಸ ನೋಟು ಹಾಕಿದ ಇನ್ನೊಂದು ಕವರು ಒಯ್ದು ಕೊಟ್ಟೆ, ತಾತ ಜೋರಾಗಿ ನಕ್ಕರು.

ಈಗ ನಿನ್ನ ಲೆಕ್ಕ. ಈ ಕವರಿಗೆ ಲೈ ಸೀ ಅನ್ನುತ್ತಾರೆ. ಕೊಡುವವರು ಮದುವೆಯಾದವರು, ತಗೊಳ್ಳುವವರು ಮಕ್ಕಳು ಮತ್ತು ಮದುವೆಯಾಗದವರು. ಮೇಲಿನವರು ಕೆಳಗಿನವರಿಗೆ ಕೊಡುತ್ತಾರೆ, ಹಾಗಾಗಿ ನಿನ್ನ ಬಾಸ್‌ಗೆ ನೀನು ಕೊಡಬೇಕಿಲ್ಲ. ಹೋದ ವರ್ಷ ನೀನು ತಗೊಳ್ಳುವ ಸಾಲಿನಲ್ಲಿದ್ದೆ, ಈ ವರ್ಷ ಕೊರಳಿಗೆ ತಾಳಿ ಬಿದ್ದ ಮೇಲೆ ಕೊಡುವ ಸಾಲಿಗೆ ಬಂದೆ. ನೀನು ಹೇಳಿದ ಹಾಗೆ ವಾಚ್‌ಮನ್‌ಗಳು 4 ಜನ, ಗುಡಿಸುವವರು 2, ಆಫೀಸಿನಲ್ಲಿ ಮದುವೆಯಾಗದ ಚಿಕ್ಕವರು 5. ಇವರಿಗೆಲ್ಲ 20 ಡಾಲರ್ ಸಾಕು. ಪಕ್ಕದ ಮನೆಯ ಎರಡು ಮಕ್ಕಳಿಗೆ 50, 50. ದಿನಾ ಹೋಗುವ ಹೋಟೆಲಿನವರು, ಎದುರಿಗೆ ಸಿಕ್ಕವರು ಅಂತ 20ರ ಕವರು 10 ಜಾಸ್ತಿ ಇಟ್ಟುಕೋ. ಒಟ್ಟು 520 ಡಾಲರ್. ಒಂದು ಕವರಿಗೆ ಒಂದೇ ನೋಟು. ಜಾಸ್ತಿ ಕೊಡೋಣ ಅಂತ ಎರಡು ಇಪ್ಪತ್ತು ಸೇರಿಸಿದರೆ 40 ಆಗುತ್ತದೆ, ನಾಲ್ಕು ಅನ್ನುವ ಸದ್ದೂ ಸಾವು ಅನ್ನುವ ಸದ್ದೂ ಅವರ ಕ್ಯಾಂಟನೀಸ್ ಭಾಷೆಯಲ್ಲಿ ಹತ್ತಿರ ಹತ್ತಿರ, ರಾಗ ಮಾತ್ರ ಬೇರೆ. ಹಬ್ಬಕ್ಕೆ ಮುಂಚೆ ಬ್ಯಾಂಕಿನಲ್ಲಿ ಹೊಸ ನೋಟಿಗೆ ದೊಡ್ಡ ಕ್ಯೂ ಇರುತ್ತದೆ, ಅಳಿಯಂದಿರನ್ನೇ ಕಳಿಸು.

ಬಾಯಲ್ಲಿ ಏನು ಹೇಳಬೇಕು? ಎಲ್ಲರಿಗೂ ಹೊಂದುವುದು "ಗುಂಗ್ ಹೇಯ್ ಫಾತ್ ಛೋಯ್", ದುಡ್ಡು ಕಾಸು ಕೂಡಿ ಬರಲಿ ಅಂತ. 'ಫಾತ್'ನ ಕೊನೆಯ ತ್ ಅನ್ನು ನುಂಗಿಬಿಡು, ನಾವು ಕನ್ನಡದಲ್ಲಿ ಒತ್ತುವ ಹಾಗೆ ಒತ್ತಬೇಡ. ನಿನ್ನ ಮೊಬೈಲಿನ ಆ್ಯಪ್ ಕಲಿಸುವ "ಗೋಂಗ್ ಶಿ ಫಾ ಛಾಯ್" ಮ್ಯಾಂಡರಿನ್. ತಪ್ಪೇನಲ್ಲ, ಆದರೆ ಅವರ ಭಾಷೆಯಲ್ಲೇ ಹೇಳಿದರೆ ಆ ಮುಖ ಅರಳುವುದೇ ಬೇರೆ.

ಆಮೇಲೆ ಎದುರಿಗಿರುವವರನ್ನು ನೋಡಿ ಇನ್ನೊಂದು ಮಾತು ಸೇರಿಸು, ಎಲ್ಲವೂ ನಾಲ್ಕು ನಾಲ್ಕು ಸದ್ದಿನವು. ವಾಚ್‌ಮನ್ ತಾತನಂಥ ವಯಸ್ಸಾದವರಿಗೆ "ಸನ್ ತಾಯ್ ಗಿನ್ ಹೋಂಗ್", ಮೈ ಗಟ್ಟಿಯಾಗಿರಲಿ ಅಂತ. ಅವರಿಗೇ "ಲುಂಗ್ ಮಾ ಜಿಂಗ್ ಸನ್" ಅಂದರೂ ಚೆಂದ, ಡ್ರ್ಯಾಗನ್ ಮತ್ತು ಕುದುರೆಯ ಚೈತನ್ಯ ನಿಮಗಿರಲಿ ಅನ್ನುವ ಮಾತು. ಫೆಬ್ರವರಿ 17ಕ್ಕೆ ಶುರುವಾಗುವ ಈ 2026ರ ವರ್ಷ ಕುದುರೆಯದೇ, ಹಾಗಾಗಿ ಎಲ್ಲ ಕಡೆ ಇದೇ ಕೇಳುತ್ತದೆ. ಓದುವ ಮಕ್ಕಳಿಗೆ "ಹೋಕ್ ಯಿಪ್ ಜೊನ್ ಬೋ", ಓದು ಮುಂದೆ ಹೋಗಲಿ ಅಂತ. ಅಂಗಡಿಯವರಿಗೆ "ಸಾಂಗ್ ಯೀ ಹಿಂಗ್ ಲುಂಗ್", ವ್ಯಾಪಾರ ಚೆನ್ನಾಗಿ ನಡೆಯಲಿ ಅಂತ. ಮಕ್ಕಳು ನಿನಗೆ "ಗುಂಗ್ ಹೇಯ್ ಫಾತ್ ಛೋಯ್, ಲೈ ಸೀ ದೌ ಲೋಯ್" ಅಂದಾರು, ಅಂದರೆ ಹಾರೈಸಿದ್ದಾಯಿತು, ಕವರು ಈ ಕಡೆ ತಾ ಅಂತ. ತುಂಟತನದ ಮಾತು ಅದು, ನೀನು ಯಾರಿಗೂ ಹೇಳಬೇಡ.

ನಿನಗೇ ಯಾರಾದರೂ ಹಿರಿಯರು ಕೊಟ್ಟರೆ ಎರಡೂ ಕೈಯಲ್ಲಿ ತಗೊಂಡು "ದೋ ಜೆ" ಅನ್ನು. ದಿನಾ ಲಿಫ್ಟಿನಲ್ಲಿ ಅನ್ನುವ "ಮ್ ಗೋಯ್" ಇಲ್ಲಿಗಲ್ಲ, ಅದು ಯಾರಾದರೂ ಸಹಾಯ ಮಾಡಿದಾಗ ಅನ್ನುವುದು. ಉಡುಗೊರೆಗೆ ದೋ ಜೆ. ಮತ್ತೆ ಅವರೆದುರು ಕವರು ಬಿಚ್ಚಬೇಡ, ಇದನ್ನು ನಿನಗೆ ಹೇಳಬೇಕಾಗಿಲ್ಲ ಅಲ್ವಾ.

ಇನ್ನು ಹಬ್ಬದಲ್ಲಿ ಆಡಬಾರದ ಮಾತು. ಇದು ನಿನಗೆ ಬೇಗ ಅರ್ಥ ಆಗುತ್ತದೆ. ಬಳೆ ಒಡೆದರೆ ನಿನ್ನ ಅಜ್ಜಿ "ಬಳೆ ಹೆಚ್ಚಿತು" ಅನ್ನುತ್ತಿದ್ದರು, ಮನೆಯಿಂದ ಹೊರಡುವಾಗ "ಹೋಗ್ತೀನಿ" ಅಂದರೆ "ಹೋಗಿ ಬರ್ತೀನಿ ಅನ್ನೇ" ಅಂತ ಗದರುತ್ತಿದ್ದರು, ನೆನಪಿದೆಯಾ? ಅದೇ ಬುದ್ಧಿ ಅಲ್ಲೂ. ಖಾಲಿ ಅನ್ನುವುದಕ್ಕೆ ಅವರಲ್ಲಿ 'ಹುಂಗ್', ಅಶುಭಕ್ಕೂ 'ಹುಂಗ್'. ಅದಕ್ಕೇ ಖಾಲಿ ಮನೆಯನ್ನು 'ಗತ್ ಉಕ್' ಅನ್ನುತ್ತಾರೆ, ಅಂದರೆ ಶುಭದ ಮನೆ. ಪುಸ್ತಕ ಅನ್ನುವ 'ಶ್ಯೂ' ಸದ್ದಿಗೆ ಸೋಲು ಅನ್ನುವ ಅರ್ಥವೂ ಇದೆ, ಆದ್ದರಿಂದ ಪಂಚಾಂಗದ ಪುಸ್ತಕದ ಹೆಸರಿನಲ್ಲೇ ಸೋಲು ತೆಗೆದು ಗೆಲುವು ಅನ್ನುವ 'ಸಿಂಗ್' ಸೇರಿಸಿ 'ತುಂಗ್ ಸಿಂಗ್' ಅಂತ ಮಾಡಿದ್ದಾರೆ. ನಿನಗೆ ಪುಸ್ತಕ ಕೊಡುವ ಹುಚ್ಚು ಅಂತ ಗೊತ್ತು, ಹಬ್ಬಕ್ಕೆ ಮಾತ್ರ ಬೇಡ. ಗೋಡೆ ಗಡಿಯಾರವೂ ಬೇಡ, ಗಡಿಯಾರ ಕೊಡುವುದು ಅನ್ನುವ ಮಾತು ಕೊನೆಗಾಲದಲ್ಲಿ ಪಕ್ಕದಲ್ಲಿದ್ದು ಕಳಿಸಿಕೊಡುವುದು ಅಂತಲೇ ಕೇಳುತ್ತದೆ. ಕಿತ್ತಳೆ ಒಯ್ಯಿ, ಸಾಕು.

ಇನ್ನೊಂದು ವಿಚಿತ್ರ ಇದೆ. "ಸನ್ ನಿನ್ ಫಾಯ್ ಲೋಕ್" ಅಂದರೆ ಸುಮ್ನೆ ಹೊಸ ವರ್ಷದ ಶುಭಾಶಯ, ಎಲ್ಲರೂ ಹೇಳುತ್ತಾರೆ. ಆದರೆ ಫಾಯ್ ಲೋಕ್ ಅನ್ನುವುದು ಬೇಗ ಬೀಳುವುದು ಅಂತಲೂ ಕೇಳುತ್ತದೆ, ಹಾಗಾಗಿ ಶೇರಿನಲ್ಲಿ ದುಡ್ಡು ಹಾಕಿದವರಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. ನಿನ್ನ ಆಫೀಸು ಆ ಕಡೆಯದೇ ಅಲ್ವಾ, ಅಲ್ಲಿ ಗುಂಗ್ ಹೇಯ್ ಫಾತ್ ಛೋಯ್‌ಗೇ ಅಂಟಿಕೊಂಡಿರು.

ಇಷ್ಟಾದರೂ ಬಾಯಿ ತಪ್ಪುತ್ತದೆ. ಸಾವು, ಕಾಯಿಲೆ ಅಂತ ಏನೋ ಬಂದುಬಿಟ್ಟರೆ ಗಾಬರಿ ಬೇಡ, ತಕ್ಷಣ "ದಾಯ್ ಗತ್ ಲೈ ಸೀ" ಅನ್ನು. ನಾವು "ಬಿಡ್ತು ಅನ್ನು" ಅನ್ನುತ್ತೇವಲ್ಲ, ಹಾಗೆ. ಲೋಟ ಬಿದ್ದು ಒಡೆದರೆ ಬೇರೆ ಮಾತು: "ಲೋಕ್ ದೇಯ್ ಹೋಯ್ ಫಾ, ಫೂ ಗ್ವಾಯ್ ವಿಂಗ್ ವಾ", ನೆಲಕ್ಕೆ ಬಿದ್ದು ಹೂವಾಗಿ ಅರಳಿತು, ಸಿರಿ ಸಂಪತ್ತು ಬರಲಿ ಅಂತ. ಎದುರು ಮನೆ ಆಂಟಿಯ ಬಟ್ಟಲು ನನ್ನ ಕೈಯಿಂದ ಜಾರಿದಾಗ ಅವರೇ ನಗುತ್ತ ಇದನ್ನು ಹೇಳಿದ್ದು, ಆಮೇಲೆ ನನ್ನ ಬಾಯಲ್ಲೂ ಮೂರು ಸಲ ಹೇಳಿಸಿದರು.

ಮೂರನೇ ದಿನ, ಅಂದರೆ 19ರಂದು, ಯಾರ ಮನೆಗೂ ಹೋಗಬೇಡ. ಅದಕ್ಕೆ 'ಛೆಕ್ ಹೌ', ಕೆಂಪು ಬಾಯಿ ಅನ್ನುತ್ತಾರೆ, ಅವತ್ತು ಹೋದರೆ ಜಗಳ ಆಗುತ್ತದಂತೆ. ನೀವಿಬ್ಬರೂ ಮನೆಯಲ್ಲೇ ಇರುತ್ತೀರಲ್ಲ, ಆ ಜಗಳಕ್ಕೆ ನಾನು ಜವಾಬ್ದಾರಳಲ್ಲ.

ಉಳಿದ ಕವರುಗಳನ್ನು ಮಾರ್ಚ್ 3ರವರೆಗೆ ಬ್ಯಾಗಿನಲ್ಲೇ ಇಟ್ಟುಕೊಂಡಿರು, ಅದು ಹಬ್ಬದ 15ನೇ ದಿನ, ಕೊಡುವುದು ಅಲ್ಲಿಯವರೆಗೂ ನಡೆಯುತ್ತದೆ. ರಾತ್ರಿ ಪಾಳಿಯ ವಾಚ್‌ಮನ್ ನಿನಗೆ ಮೊದಲ ವಾರ ಸಿಗದೇ ಹೋಗಬಹುದು, ಅವನದ್ದು ಮರೀಬೇಡ.

ನಿನ್ನ
ಚಿಕ್ಕಮ್ಮ