ನೀರು ಬಿಟ್ಟ ದಿನ ನಲ್ಲಿಯಲ್ಲಿ ಕಂದು ನೀರು ಬಂದರೆ

ಎಲ್ಲರ ಗಮನಕ್ಕೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಪಂಪ್ ನಿಂತರೆ ಮಡಿಕೇರಿಯ ಏರಿನ ಮೇಲಿನ ಮನೆಗಳ ಪೈಪ್ ಮೊದಲು ಖಾಲಿಯಾಗುತ್ತದೆ. ಹಳೇ ಜಿಐ ಪೈಪಿನ ಒದ್ದೆ ಒಳಮೈಗೆ ಗಾಳಿ ತಾಗಿ ತುಕ್ಕು ಹೆಚ್ಚುತ್ತದೆ. ಮತ್ತೆ ನೀರು ರಭಸವಾಗಿ ನುಗ್ಗಿದಾಗ ಆ ತುಕ್ಕಿನ ಹಕ್ಕಳೆ ಎದ್ದು ಬರುತ್ತದೆ.

ನೀರು ಬರುವ ಮೊದಲೇ ಟ್ಯಾಂಕಿಗೆ ಹೋಗುವ ವಾಲ್ವ್ ಮುಚ್ಚಿ, ಗೀಸರ್ ಆಫ್ ಮಾಡಿ. ಮೀಟರಿಗೆ ಹತ್ತಿರದ ಅಂಗಳದ ನಲ್ಲಿಯನ್ನು ಪೂರ್ತಿ ತೆರೆದು ಬಿಳಿ ಬಕೆಟ್ಟಿಗೆ ಹಿಡಿಯಿರಿ. ಅರ್ಧ ಇಂಚಿನ ಪೈಪಿನಲ್ಲಿ ಮೀಟರ್ ಉದ್ದಕ್ಕೆ ಸುಮಾರು 200 ಮಿಲಿಲೀಟರ್ ನೀರು ನಿಲ್ಲುತ್ತದೆ. ಅಂದರೆ 20 ಮೀಟರ್ ಪೈಪಿನಲ್ಲಿ ಇರುವುದು ನಾಲ್ಕೇ ಲೀಟರ್. ಒಂದು ಬಕೆಟ್ ಹೋದ ಮೇಲೆ ತಿಳಿಯಾದರೆ ತುಕ್ಕು ನಿಮ್ಮ ಪೈಪಿನದೇ ಇರಬಹುದು. ಮೂರು ಬಕೆಟ್ ಆದರೂ ಕಂದೇ ಇದ್ದು, ಪಕ್ಕದ ಮನೆಯಲ್ಲೂ ಹಾಗೇ ಇದ್ದರೆ ರಸ್ತೆಯ ಲೈನಿನದು. ಆಗ ವಾಲ್ವ್‌ಮ್ಯಾನ್‌ಗೆ ತಿಳಿಸಿ.

ಹಿಡಿದ ನೀರು ಗಿಡಕ್ಕೆ, ಅಂಗಳಕ್ಕೆ ಆಗುತ್ತದೆ. ಬಿಳಿ ಬಟ್ಟೆಗೆ ಬೇಡ. ಕಲೆಯಾಗಿದ್ದರೆ ಬ್ಲೀಚ್ ಹಾಕಲೇಬೇಡಿ, ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆರಸ, ಉಪ್ಪು ಹಚ್ಚಿ ನೋಡಿ. ಕೊನೆಗೆ ನಲ್ಲಿಯ ತುದಿಯ ಜಾಲರಿ ಬಿಚ್ಚಿ ತೊಳೆಯಿರಿ, ಅರ್ಧ ಹಕ್ಕಳೆ ಅಲ್ಲೇ ಕೂತಿರುತ್ತದೆ.